ಆ ಕಡೆಯವರಿಗೆ ನಿಮ್ಮ ಆವಾಜು ಕೇಳದಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ಗುಂಜೋಟಿ ಮತ್ತು ಸುತ್ತಲಿನ ಊರುಗಳಲ್ಲಿ ಮೊಬೈಲ್ ಬಳಸುವ ಎಲ್ಲರಿಗೂ ಈ ಸೂಚನೆ. ಫೋನಿನಲ್ಲಿ ಆ ಕಡೆಯವರ ಮಾತು ನಿಮಗೆ ಚೆನ್ನಾಗಿ ಕೇಳುತ್ತದೆ, ಆದರೆ ಅವರು ಮಾತ್ರ "ಹಲೋ, ಹಲೋ, ಆವಾಜ ಬರವಲ್ದು" ಎನ್ನುತ್ತಾರೆ. ಇದು ಆ ಒಂದೇ ತೊಂದರೆಗೆ ಬರೆದದ್ದು. ನಿಮಗೇ ಅವರ ಮಾತು ಕೇಳದಿದ್ದರೆ ಅದು ಬೇರೆ ರೋಗ. ಕಿವಿಗೆ ಹಚ್ಚುವ ಮೇಲಿನ ಜಾಳಿ ಕಟ್ಟಿರುತ್ತದೆ, ಇಲ್ಲವೇ ಗಾಜಿನ ಗಾರ್ಡ್ ಅದನ್ನು ಮುಚ್ಚಿರುತ್ತದೆ. ಎರಡನ್ನೂ ಒಂದು ಮಾಡಿ ನೋಡಬೇಡಿ.

ಮುಂದಿನದನ್ನು ಓದುವ ಮೊದಲೇ ಒಂದು ಮಾತು ಕೇಳಿ. ಕೈಯಲ್ಲಿ ಸೂಜಿ, ಪಿನ್ನು, ಸಿಮ್ ತೆಗೆಯುವ ಕಡ್ಡಿ ಏನಿದ್ದರೂ ಕೆಳಗಿಡಿ. ಮೈಕಿನ ಚಿಕ್ಕ ತೂತಿನಲ್ಲಿ ಏನನ್ನೂ ಚುಚ್ಚಬೇಡಿ. ಧೂಳಿನಿಂದ ಕೆಟ್ಟ ಮೈಕು ಹೆಚ್ಚಾಗಿ ಬದುಕುತ್ತದೆ, ಸೂಜಿಯಿಂದ ಕೆಟ್ಟದ್ದು ಬದುಕುವುದಿಲ್ಲ. ರಿಪೇರಿಗೆಂದು ನನ್ನ ಮೇಜಿಗೆ ಬರುವ ಸತ್ತ ಮೈಕುಗಳಲ್ಲಿ ನನಗೆ ಹೆಚ್ಚು ಸಂಕಟ ಕೊಡುವುದು ಇವೇ, ಯಾಕೆಂದರೆ ಹಿಂದಿನ ದಿನ ಬಂದಿದ್ದರೆ ಹಲ್ಲುಜ್ಜುವ ಬ್ರಶ್ಶಿನಲ್ಲೇ ಕೆಲಸ ಮುಗಿಯುತ್ತಿತ್ತು.

ತೂತು ಎಲ್ಲಿದೆ, ಒಳಗೆ ಏನಿದೆ

ಫೋನನ್ನು ತಲೆಕೆಳಗು ಮಾಡಿ ಚಾರ್ಜರ್ ಹಾಕುವ ಬಾಯಿಯನ್ನು ನೋಡಿ. ಅದರ ಪಕ್ಕದಲ್ಲಿ ಒಂದೇ ಒಂದು ಚುಕ್ಕೆಯಂಥ ತೂತು ಇರುತ್ತದೆ. ಅದೇ ಮೈಕಿನ ಬಾಯಿ, ಅಗಲ ಸುಮಾರು ಒಂದು ಮಿಲಿಮೀಟರ್, ಕೆಲವು ಫೋನುಗಳಲ್ಲಿ ಅದಕ್ಕೂ ಕಡಿಮೆ. ಇನ್ನೊಂದು ಪಕ್ಕದಲ್ಲಿ ಸಾಲಾಗಿ ನಾಲ್ಕೈದು ತೂತುಗಳಿದ್ದರೆ ಅದು ಸ್ಪೀಕರ್. ಕೆಲವು ಫೋನುಗಳಲ್ಲಿ ಎರಡೂ ಕಡೆ ಸಾಲು ತೂತುಗಳಿರುತ್ತವೆ. ಆಗ ಒಂದು ಸಾಲಿನ ಹಿಂದೆ ಸ್ಪೀಕರ್ ಇರುತ್ತದೆ, ಇನ್ನೊಂದರ ಹಿಂದೆ ಮೈಕು ಇರುತ್ತದೆ. ಈಗಿನ ಬಹಳಷ್ಟು ಫೋನುಗಳಲ್ಲಿ ಇನ್ನೊಂದು ಮೈಕು ಉಂಟು. ಅದು ಮೇಲಿನ ಅಂಚಿನಲ್ಲಿ ಒಂಟಿ ತೂತಾಗಿ ಇರುತ್ತದೆ, ಇಲ್ಲವೇ ಹಿಂದೆ ಕ್ಯಾಮೆರಾದ ಪಕ್ಕದಲ್ಲಿ ಇರುತ್ತದೆ. ಕೀಪ್ಯಾಡ್ ಫೋನಿನಲ್ಲಿ ಒಂದೇ, ಕೆಳತುದಿಯಲ್ಲಿ.

ಈ ತೂತಿನ ಹಿಂದೆ ಸಣ್ಣ ರಬ್ಬರಿನ ಕೊಳವೆ, ಅದರಾಚೆ ನವಿರಾದ ಜಾಳಿ, ಜಾಳಿಯ ಆಚೆ ಮೈಕು. ಮೈಕಿನೊಳಗೆ ಸಿಲಿಕಾನಿನ ಒಂದು ಪರದೆ ಇದೆ. ನಮ್ಮ ತಲೆಗೂದಲಿಗಿಂತ ಹತ್ತಾರು ಪಟ್ಟು ತೆಳು. ಮಾತಿನ ಗಾಳಿ ಬಡಿದಾಗ ಆ ಪರದೆ ನಡುಗುತ್ತದೆ. ಆ ನಡುಕವೇ ಆ ಕಡೆ ನಿಮ್ಮ ಮಾತಾಗಿ ಹೋಗುವುದು. ಕೊಳವೆಯ ಬಾಯಿಗೆ ಧೂಳು ಕೂತರೆ ಗಾಳಿ ಒಳಗೆ ಹೋಗದು. ಪರದೆ ಗಟ್ಟಿಯಾಗಿಯೇ ಇದೆ, ಆದರೆ ಬಾಗಿಲು ಮುಚ್ಚಿದೆ. ಇಷ್ಟು ತಿಳಿದರೆ ಮುಂದಿನ ಪ್ರತಿಯೊಂದು "ಬೇಡ"ದ ಕಾರಣವೂ ತಾನೇ ತಿಳಿಯುತ್ತದೆ.

ಮೇಲಿನ ಎರಡನೆಯ ಮೈಕಿನ ಕೆಲಸವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜನ ತಪ್ಪು ತಿಳಿಯುವುದು ಇಲ್ಲಿಯೇ. ಕೆಳಗಿನ ಮೈಕು ನಿಮ್ಮ ಬಾಯಿಗೆ ಹತ್ತಿರ, ಅದಕ್ಕೆ ನಿಮ್ಮ ಮಾತು ಜೋರಾಗಿ ಕೇಳುತ್ತದೆ. ಮೇಲಿನದಕ್ಕೆ ಸುತ್ತಲಿನ ಗದ್ದಲ ಹೆಚ್ಚು ಕೇಳುತ್ತದೆ. ಫೋನು ಎರಡನ್ನೂ ತಾಳೆ ನೋಡಿ, ಮೇಲೆ ಕೇಳಿದ್ದನ್ನು ಗದ್ದಲವೆಂದು ಹಿಡಿದು ಕಳೆಯುತ್ತದೆ. ಕೆಳಗಿನ ತೂತು ಅರ್ಧ ಮುಚ್ಚಿದ್ದರೆ ನಿಮ್ಮ ಮಾತು ಎರಡೂ ಕಡೆ ಒಂದೇ ಸಮ ಕೇಳುತ್ತದೆ. ಆಗ ಫೋನು ನಿಮ್ಮ ಮಾತನ್ನೇ ಗದ್ದಲವೆಂದು ತಿಳಿದು ಕತ್ತರಿಸುತ್ತದೆ. ಆ ಕಡೆಯವರು "ಬಾವಿಯೊಳಗಿಂದ ಮಾತಾಡಿದಂಗ ಆಗಲಾಕತ್ಯಾದ", "ನಡುನಡುವೆ ಹೋಗಿಬಿಡತಾದ" ಎನ್ನುವುದು ಇದಕ್ಕೇ. ನೆಟ್‌ವರ್ಕ್ ಹೋಯಿತೆಂದು ಜನ ಚಾವಣಿ ಹತ್ತುತ್ತಾರೆ. ಚಾವಣಿಯ ಮೇಲೂ ಹಾಗೆಯೇ ಆಗುತ್ತದೆ.

ಮೊದಲು ಮಾಡಬೇಕಾದ್ದು: ದೋಷ ಯಾರದು ಎಂದು ಗೊತ್ತುಮಾಡಿಕೊಳ್ಳಿ

ಕವರ್ ಪೂರ್ತಿ ತೆಗೆಯಿರಿ. ಒಂದು ಮೂಲೆ ಎತ್ತಿದರೆ ಸಾಲದು, ಫೋನು ಬರಿ ಮೈಯಲ್ಲಿರಬೇಕು. ಆಮೇಲೆ ವಿಮಾನದ ಗುರುತು ಒತ್ತಿ ನೆಟ್‌ವರ್ಕ್ ಆರಿಸಿ. ಬ್ಲೂಟೂತ್ ಕೂಡ ಆರಿದೆಯೇ ನೋಡಿ. ಮನೆಯ ಮೂಲೆಯಲ್ಲಿಟ್ಟ ಹೆಡ್‌ಸೆಟ್ಟಿಗೋ ಗಾಡಿಯ ಸ್ಪೀಕರಿಗೋ ಫೋನು ಅಂಟಿಕೊಂಡಿದ್ದರೆ ನಿಮ್ಮ ಮಾತನ್ನು ಅಲ್ಲಿಯ ಮೈಕು ಕೇಳುತ್ತಿರುತ್ತದೆ, ಕೈಯಲ್ಲಿರುವುದಲ್ಲ.

ಈಗ ಫೋನಿನಲ್ಲಿರುವ ರೆಕಾರ್ಡರ್ ತೆರೆಯಿರಿ. ಐಫೋನಿನಲ್ಲಿ ಅದರ ಹೆಸರು Voice Memos. ಫೋನನ್ನು ಗೇಣುದೂರ ಹಿಡಿದು ಒಂದರಿಂದ ಹತ್ತರವರೆಗೆ ಸಾಧಾರಣ ದನಿಯಲ್ಲಿ ಎಣಿಸಿ. ಹತ್ತು ಆದ ಮೇಲೆ ಕೆಳಗಿನ ತೂತಿನ ಪಕ್ಕದ ಲೋಹವನ್ನು ಉಗುರಿನಿಂದ ಮೆಲ್ಲಗೆ ಮೂರು ಸಲ ಕೆರೆಯಿರಿ. ತೂತಿನ ಪಕ್ಕದಲ್ಲಿ ಮಾತ್ರ, ತೂತಿನೊಳಗಲ್ಲ. ಮೇಲಿನ ತೂತಿನ ಪಕ್ಕದಲ್ಲೂ ಹಾಗೆಯೇ ಮೂರು ಸಲ. ನಿಲ್ಲಿಸಿ, ಕೇಳಿ. ಈ ರೆಕಾರ್ಡನ್ನು ಅಳಿಸಬೇಡಿ.

ಎಣಿಕೆ ಸ್ಪಷ್ಟವಾಗಿದ್ದು, ಕೆಳಗೆ ಕೆರೆದದ್ದು ಕರಕರ ಎಂದು ಜೋರಾಗಿ ಕೇಳಿದರೆ ಕೆಳಗಿನ ಮೈಕು ಸರಿ ಇದೆ. ತೊಂದರೆ ನೆಟ್‌ವರ್ಕಿನದು, ಸೆಟ್ಟಿಂಗಿನದು, ಇಲ್ಲವೇ ಆ ಕಡೆಯವರ ಫೋನಿನದು. ನೆಟ್‌ವರ್ಕ್ ಆರಿಸಿ ರೆಕಾರ್ಡ್ ಮಾಡಲು ಹೇಳಿದ್ದು ಇದಕ್ಕೇ, ಕಂಪನಿಯ ಟವರನ್ನು ಲೆಕ್ಕದಿಂದ ಹೊರಗಿಡಲು. ಗಡಿಯ ಊರುಗಳಲ್ಲಿ ಎಲ್ಲ ತಪ್ಪನ್ನೂ ಟವರಿನ ತಲೆಗೆ ಕಟ್ಟುವ ರೂಢಿ ಇದೆ, ಅದನ್ನು ಬಿಡಬೇಕು. ಎಣಿಕೆ ಮಂದವಾಗಿದ್ದು, ಮೇಲೆ ಕೆರೆದದ್ದು ಜೋರು, ಕೆಳಗಿನದು ಇಲ್ಲವೇ ಇಲ್ಲ ಎಂದಾದರೆ ಕೆಳಗಿನ ತೂತು ಮುಚ್ಚಿದೆ ಎಂದು ಹೆಚ್ಚುಕಡಿಮೆ ಖಾತ್ರಿ. ಕೆಲವು ಫೋನುಗಳು ರೆಕಾರ್ಡಿಂಗಿಗೆ ಮೇಲಿನ ಮೈಕನ್ನೇ ಬಳಸುತ್ತವೆ. ಅಂಥಲ್ಲಿ ಎಣಿಕೆ ಚೆನ್ನಾಗಿಯೇ ಕೇಳಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಎಣಿಕೆಯನ್ನಷ್ಟೇ ನಂಬದೆ ಕೆರೆದು ನೋಡಿ ಎಂದು ಹೇಳುವುದು ಅದಕ್ಕೇ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ನೆಟ್‌ವರ್ಕ್ ಮತ್ತೆ ಹೊತ್ತಿಸಿ ಮನೆಯವರಿಗೇ ಕರೆ ಮಾಡಿ, ಅವರನ್ನು ಓಣಿಯ ಆಚೆ ತುದಿಗೆ ಕಳಿಸಿ. ಮೊದಲು ಕಿವಿಗೆ ಹಚ್ಚಿ ಮಾತಾಡಿ, ಆಮೇಲೆ ಸ್ಪೀಕರ್ ಒತ್ತಿ ಮಾತಾಡಿ. ಸ್ಪೀಕರಿನಲ್ಲಿ ಕೇಳುತ್ತದೆ, ಕಿವಿಗೆ ಹಚ್ಚಿದಾಗ ಕೇಳುವುದಿಲ್ಲ ಎಂದರೆ ಕೆಳಗಿನ ಮೈಕಿನ ಮೇಲೇ ಅನುಮಾನ. ಬಹಳ ಫೋನುಗಳು ಸ್ಪೀಕರ್ ಒತ್ತಿದಾಗ ಮೇಲಿನ ಮೈಕಿನ ಸಹಾಯ ಪಡೆಯುತ್ತವೆ. ವೈರಿನ ಇಯರ್‌ಫೋನ್ ಇದ್ದರೆ ಅದನ್ನು ಹಾಕಿಯೂ ನೋಡಿ, ಅದರಲ್ಲಿ ಮಾತು ಹೋದರೆ ಆ ಅನುಮಾನ ಗಟ್ಟಿ.

ಸಾಧಾರಣ ಕರೆ ಸರಿ ಇದ್ದು ವಾಟ್ಸಾಪ್ ಕರೆಯಲ್ಲಿ ಮಾತ್ರ ನಿಮ್ಮ ಮಾತು ಹೋಗದಿದ್ದರೆ ಬ್ರಶ್ಶು ಮುಟ್ಟುವ ಅಗತ್ಯವೇ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿ Settings, Apps, WhatsApp, Permissions, Microphone ಎಂಬ ಸಾಲಿನಲ್ಲಿ ಹೋಗಿ ಅನುಮತಿ ಕೊಡಿ. ಮೇಲಿಂದ ಎಳೆಯುವ ಪರದೆಯಲ್ಲಿ Mic access ಎಂಬ ಗುಂಡಿ ಇದ್ದು ಅದು ಆರಿದ್ದರೆ ಹೊತ್ತಿಸಿ. ಮಕ್ಕಳು ಆಡುತ್ತ ಆರಿಸಿರುತ್ತಾರೆ.

ರಾಶಿಯ ಹಂಗಾಮಿನಲ್ಲಿ ಬಂದ ಒಂದು ಫೋನು

ಒಂದು ಫೋನಿನ ವಿಚಾರ ಪೂರ್ತಿ ಹೇಳುತ್ತೇನೆ. ಸೋಯಾಬೀನಿನ ರಾಶಿ ನಡೆದ ಅಕ್ಟೋಬರ್ ತಿಂಗಳು. ಹೊಲದಿಂದ ನೇರ ಬಂದ ಒಬ್ಬ ಕಾಕಾ ಮೇಜಿನ ಮೇಲೆ ಫೋನಿಟ್ಟರು. ಅಂಗಿಯ ಹೊಲಿಗೆಯೊಳಗೂ ಹೊಟ್ಟಿನ ಧೂಳು ಇತ್ತು. ಮಗಳನ್ನು ಭಾಲ್ಕಿ ಕಡೆ ಕೊಟ್ಟಿದ್ದಾರೆ. ಎಂಟು ದಿನದಿಂದ ಆಕೆ ಫೋನು ಮಾಡುತ್ತಾಳೆ, ಇವರು ಮಾತಾಡುತ್ತಾರೆ, ಆಕೆಗೆ ಉಸಿರಿನಂಥ ಸಪ್ಪಳವಷ್ಟೇ ಕೇಳುತ್ತದೆ. "ಅಪ್ಪಾಗ ಏನರೆ ಆಗ್ಯಾದ, ನನಗ ಮುಚ್ಚಿಡಲಾಕತ್ತೀರಿ" ಎಂದು ತಾಯಿಯ ಹತ್ತಿರ ಅತ್ತಿದ್ದಾಳೆ. ಅಳಿಯ ಗಾಡಿ ತೆಗೆದುಕೊಂಡು ಬಂದು ನೋಡಿ ಹೋಗಿದ್ದಾನೆ. ಬೇರೊಂದು ಕಡೆ ತೋರಿಸಿದಾಗ ಬೋರ್ಡ್ ಹೋಗಿದೆ ಎಂದಿದ್ದರಂತೆ.

ಫೋನಿಗೆ ದಪ್ಪ ರಬ್ಬರಿನ ಕವರ್, ಬಿದ್ದರೂ ಒಡೆಯಬಾರದೆಂದು ಮೂಲೆಗಳು ಉಬ್ಬಿದ್ದು. ಅದೇ ಹೆಸರಿನ ಫೋನಿನದೇ ಕವರು, ಆದರೆ 4ಜಿ ಮಾದರಿಯದು. ಕಾಕಾನ ಫೋನು 5ಜಿ. ಹೆಸರು ಒಂದೇ ಇದ್ದರೂ ಎರಡರ ತೂತು ಒಂದೇ ಜಾಗದಲ್ಲಿರಲಿಲ್ಲ. ಚಾರ್ಜರಿನ ಬಾಯಿ ಸರಿಯಾಗಿ ಕೂತಿತ್ತು, ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಮೈಕಿನ ತೂತಿನ ಮೇಲೆ ಮಾತ್ರ ಅರ್ಧ ಭಾಗ ರಬ್ಬರ್ ಕೂತಿತ್ತು. ಕವರ್ ತೆಗೆದಾಗ ಅದರ ಒಳಮೈಯಲ್ಲಿ ಆ ಜಾಗಕ್ಕೆ ಸರಿಯಾಗಿ ಒಂದು ಬೂದಿಬಣ್ಣದ ಬೊಟ್ಟು ಕಂಡಿತು.

ಕವರ್ ತೆಗೆದು ರೆಕಾರ್ಡ್ ಮಾಡಿದೆ. ಮೊದಲಿಗಿಂತ ಸ್ವಲ್ಪ ವಾಸಿ, ಆದರೂ ಮಂದ. ಹತ್ತು ಪಟ್ಟು ದೊಡ್ಡದು ತೋರಿಸುವ ಕನ್ನಡಿ ಹಿಡಿದು ತೂತು ನೋಡಿದೆ. ಕರಿ ಎರೆಮಣ್ಣು, ಹೊಟ್ಟಿನ ಹಳದಿ ಎಳೆ, ಅವೆರಡನ್ನೂ ಹಿಡಿದಿಟ್ಟ ಬಿಳಿಯ ಗಟ್ಟಿ ಪದರ. ಆ ಬಿಳಿಯದು ಸುಣ್ಣ. ಕಾಕಾ ಎದೆಯ ಕಿಸೆಯಲ್ಲಿ ತಂಬಾಕಿನ ಚೀಲ, ಸುಣ್ಣದ ಡಬ್ಬಿ, ಫೋನು, ಮೂರನ್ನೂ ಒಟ್ಟಿಗೆ ಇಡುತ್ತಾರೆ. ಫೋನಿನ ಬಾಯಿ ಕೆಳಗೆ, ಕಿಸೆಯ ತಳಕ್ಕೆ. ಬೆವರು ಇಳಿದು ಸುಣ್ಣ ನೆನೆಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ಒಣಗುತ್ತದೆ. ಗೋಡೆಗೆ ಹಚ್ಚಿದ ಗಾರೆಯಂತೆಯೇ ಕಟ್ಟಿಕೊಂಡಿತ್ತು.

ಫೋನು ಆರಿಸಿ, ತೂತು ನೆಲದ ಕಡೆ ಇರುವಂತೆ ಹಿಡಿದು, ಒಣ ಬ್ರಶ್ಶಿನಿಂದ ಉಜ್ಜಿದೆ. ಹೊಟ್ಟು ಉದುರಿತು, ಸುಣ್ಣ ಉದುರಲಿಲ್ಲ. ಸುಣ್ಣ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಬ್ರಶ್ಶಿನ ತುದಿಗೆ ಮಾತ್ರ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ಕೊಡವಿ, ಅಡ್ಡಡ್ಡ ಉಜ್ಜುವುದು. ಒಣಗಲು ಬಿಡುವುದು. ಮತ್ತೆ ಒಣ ಬ್ರಶ್ಶು, ಆಮೇಲೆ ಅಂಟು ಟೇಪು. ನಾಲ್ಕನೆಯ ಸುತ್ತಿನಲ್ಲಿ ಒಂದು ಚೂರು ಟೇಪಿಗೆ ಅಂಟಿ ಬಂತು. ಎಳ್ಳಿನ ಕಾಳಿಗಿಂತಲೂ ಸಣ್ಣದು. ಫೋನು ಹೊತ್ತಿಸಿ ಎಣಿಸಿದೆ. ಹತ್ತೂ ಅಂಕಿ ಸ್ಪಷ್ಟ. ಕಾಕಾ ಅಲ್ಲೇ ನಿಂತು ಮಗಳಿಗೆ ಹಚ್ಚಿದರು. "ಹಾಂ ಅವ್ವಾ" ಎಂದ ಕೂಡಲೇ ಆ ಕಡೆಯಿಂದ ಆಕೆ ಅತ್ತದ್ದು ನನಗೂ ಕೇಳಿತು.

ಆದರೆ ಫೋನು ಪೂರ್ತಿ ನೆಟ್ಟಗಾಗಲಿಲ್ಲ, ಅದನ್ನೂ ಹೇಳಬೇಕು. ಮೇಲಿನ ಅಂಚಿನ ತೂತಿನಲ್ಲಿ ಯಾರೋ ಸಿಮ್ ಕಡ್ಡಿ ಹಾಕಿ ಒತ್ತಿದ್ದರು. ಸಿಮ್ಮಿನ ತೂತು ಆ ಫೋನಿನ ಎಡಮಗ್ಗುಲಲ್ಲಿದೆ. ಗಡಿಬಿಡಿಯಲ್ಲಿ ಮೇಲಿನದನ್ನೇ ಸಿಮ್ಮಿನದೆಂದು ತಿಳಿದಿದ್ದಾರೆ. ಜಾಳಿ ಹರಿದು ಪರದೆ ಒಡೆದಿತ್ತು. ಹೀಗಾಗಿ ಗದ್ದಲ ಕಳೆಯುವ ಶಕ್ತಿ ಆ ಫೋನಿಗೆ ಉಳಿದಿಲ್ಲ. ಮನೆಯಲ್ಲಿ ಮಾತು ಸ್ವಚ್ಛ, ರಾಶಿ ಯಂತ್ರದ ಪಕ್ಕದಲ್ಲಿ ನಿಂತರೆ ಯಂತ್ರವೇ ಕೇಳುತ್ತದೆ. ಕಾಕಾಗೆ ಹೇಳಿದ್ದೇನೆ, ಯಂತ್ರದಿಂದ ನಾಲ್ಕು ಮಾರು ಆಚೆ ಹೋಗಿ ಮಾತಾಡಬೇಕು ಎಂದು.

ಮಾಡಬಾರದ್ದು

ಸೂಜಿ, ಪಿನ್ನು, ಕಡ್ಡಿ, ಹಲ್ಲುಕಡ್ಡಿ, ಕೂದಲ ಪಿನ್ನು ಯಾವುದೂ ಬೇಡ. ಕಟ್ಟಿಗೆಯದಾದರೆ ಪರವಾಗಿಲ್ಲ ಎಂದು ಕೆಲವರು ಅಂದುಕೊಳ್ಳುತ್ತಾರೆ. ಕಟ್ಟಿಗೆಯೂ ಧೂಳನ್ನು ಒಳಗೇ ತಳ್ಳುತ್ತದೆ, ಜಾಳಿಗೆ ಒತ್ತಿ ಬಡಿಯುತ್ತದೆ, ತುದಿ ಮುರಿದರೆ ಅಲ್ಲೇ ಉಳಿಯುತ್ತದೆ. ಸಿಮ್ ತೆಗೆಯುವಾಗ ತೂತಿನ ಸುತ್ತ ತಟ್ಟೆಯ ಗೆರೆ ಇದೆಯೇ ನೋಡಿ. ಸಿಮ್ಮಿನ ತಟ್ಟೆಗೆ ಸುತ್ತಲೂ ಉದ್ದನೆಯ ಗೆರೆ ಕಾಣುತ್ತದೆ, ತೂತು ಆ ಗೆರೆಯ ಒಳಗೆ ಇರುತ್ತದೆ. ಗೆರೆ ಇಲ್ಲದ ಒಂಟಿ ತೂತು ಮೈಕಿನದು, ಅದನ್ನು ಮುಟ್ಟಬೇಡಿ.

ಪಂಚರ್ ಅಂಗಡಿಯ ಹವಾ ಹೊಡೆಸಬೇಡಿ. ಲಾರಿಯ ಟಯರು ತುಂಬುವ ಹವಾ ಅದು. ಆ ಒತ್ತಡಕ್ಕೆ ಒಳಗಿನ ಪರದೆ ಒಂದೇ ಏಟಿಗೆ ಒಡೆಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಹವಾ ಹೊಡೆದ ಮೇಲೆ ತೂತು ಥಳಥಳ ಹೊಳೆಯುತ್ತದೆ, ಆವಾಜು ಮಾತ್ರ ಶಾಶ್ವತವಾಗಿ ಹೋಗಿರುತ್ತದೆ. ಡಬ್ಬಿಯಲ್ಲಿ ಬರುವ ಹವಾ, ಸೈಕಲ್ ಪಂಪು, ಮನೆಯ ಧೂಳು ಎಳೆಯುವ ಯಂತ್ರ ಇವೂ ಬೇಡ. ಬಾಯಿಂದ ಊದುವುದೂ ಬೇಡ. ಅದರಿಂದ ಪರದೆ ಒಡೆಯದಿದ್ದರೂ ಉಸಿರಿನ ಪಸೆ ಒಳಗೆ ಹೋಗಿ ಒಣ ಧೂಳು ಕೆಸರಾಗುತ್ತದೆ.

ತೂತಿಗೆ ನೇರವಾಗಿ ಏನನ್ನೂ ಹನಿಸಬೇಡಿ. ನೀರು, ಸ್ಯಾನಿಟೈಸರ್, ಸೀಮೆಎಣ್ಣೆ, ಪೆಟ್ರೋಲ್, ಕೊಬ್ಬರಿ ಎಣ್ಣೆ ಎಲ್ಲವನ್ನೂ ಹಾಕಿ ತಂದವರನ್ನು ನೋಡಿದ್ದೇನೆ. ಎಣ್ಣೆ ಧೂಳನ್ನು ಇನ್ನಷ್ಟು ಹಿಡಿಯುತ್ತದೆ. ಪೆಟ್ರೋಲು ರಬ್ಬರಿನ ಕೊಳವೆಯನ್ನು ಊದಿಸಿ ತೂತನ್ನೇ ಕಿರಿದು ಮಾಡುತ್ತದೆ, ಬೆಂಕಿಯ ಭಯ ಬೇರೆ.

ಮಳೆಯಲ್ಲಿ ನೆನೆದು ಆವಾಜು ಮಂದವಾದರೆ ಅಕ್ಕಿಯ ಡಬ್ಬಿಯಲ್ಲಿ ಹುಗಿಯಬೇಡಿ. ಅಕ್ಕಿಯ ಹುಡಿ ಒದ್ದೆ ತೂತಿಗೆ ಹೋಗಿ ಅಂಬಲಿಯಂತೆ ಅಂಟುತ್ತದೆ. ಫೋನು ಕಂಪನಿಗಳೂ ಇದನ್ನು ಬೇಡ ಎನ್ನುತ್ತವೆ. ತೂತು ಕೆಳಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಒಣ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿಡಿ. ಒಲೆಯ ಬಳಿ ಬೇಡ, ಉರಿಬಿಸಿಲಿನಲ್ಲಿ ಬೇಡ, ಕೂದಲು ಒಣಗಿಸುವ ಯಂತ್ರದ ಮುಂದೆಯೂ ಬೇಡ. ಒಣಗುವ ಮೊದಲು ಚಾರ್ಜಿಗೆ ಹಾಕಬೇಡಿ. ಒಂದು ದಿನ ಕಾದರೆ ಬಹಳ ಸಲ ಆವಾಜು ತಾನಾಗಿ ಮರಳುತ್ತದೆ.

ಇನ್ನೊಂದು ಕೆಲಸ ಯಾರೂ ಮಾಡಕೂಡದು. ಕವರಿನಲ್ಲಿ ತೂತಿಲ್ಲವೆಂದು ಸೂಜಿ ಕಾಯಿಸಿ, ಫೋನು ಒಳಗಿದ್ದ ಹಾಗೆಯೇ ಕವರಿಗೆ ಚುಚ್ಚುವುದು. ಕರಗಿದ ರಬ್ಬರು ಹನಿಯಾಗಿ ಮೈಕಿನ ಬಾಯಿಯಲ್ಲೇ ಗಟ್ಟಿಯಾಗುತ್ತದೆ. ಅದನ್ನು ತೆಗೆಯುವ ವಿದ್ಯೆ ನನಗೂ ಬರುವುದಿಲ್ಲ, ಫೋನು ಬಿಚ್ಚಿ ಮೈಕು ಬದಲಿಸುವುದೊಂದೇ ದಾರಿ.

ಮನೆಯಲ್ಲೇ ಸ್ವಚ್ಛ ಮಾಡುವ ರೀತಿ

ಬೇಕಾದದ್ದು ಎರಡೇ ಸಾಮಾನು. ಹೊಸದಾದ, ಮಕ್ಕಳ, ಮೆತ್ತನೆಯ ಹಲ್ಲುಜ್ಜುವ ಬ್ರಶ್ಶು ಒಂದು. ಪಾರದರ್ಶಕ ಅಂಟು ಟೇಪು ಒಂದು. ಬಳಸಿದ ಬ್ರಶ್ಶು ಬೇಡ, ಅದರ ಬುಡದಲ್ಲಿ ಪೇಸ್ಟು ಉಳಿದಿರುತ್ತದೆ.

ಫೋನು ಆರಿಸಿ. ಕವರ್ ತೆಗೆಯಿರಿ. ತೂತು ನೆಲದ ಕಡೆ ಇರುವಂತೆ ಹಿಡಿಯಿರಿ, ಬಿಡಿಸಿದ ಧೂಳು ಕೆಳಗೆ ಬೀಳಬೇಕು, ಒಳಗೆ ಹೋಗಬಾರದು. ಕೆಳಗಿನಿಂದ ಬ್ರಶ್ಶು ಹಚ್ಚಿ ತೂತಿನ ಮೇಲೆ ಅಡ್ಡಡ್ಡ ಆಡಿಸಿ, ಹದಿನೈದು ಇಪ್ಪತ್ತು ಸಲ. ಒತ್ತಿ ಕುಟ್ಟಬೇಡಿ. ಮಗುವಿನ ಕೆನ್ನೆ ಒರೆಸುವಷ್ಟೇ ಭಾರ ಸಾಕು. ಆಮೇಲೆ ಟೇಪನ್ನು ತೂತಿನ ಮೇಲೆ ಅಂಟಿಸಿ, ಬೆರಳಿನಿಂದ ಸವರಿ, ಒಮ್ಮೆಗೇ ಕೀಳಿರಿ. ಟೇಪಿನ ಮೇಲೆ ಧೂಳಿನ ಚುಕ್ಕೆ ಕಂಡರೆ ಹೊಸ ತುಂಡು ತೆಗೆದು ಮತ್ತೆ ಮಾಡಿ. ಚುಕ್ಕೆ ಬರುವುದು ನಿಂತಾಗ ನಿಲ್ಲಿಸಿ. ಫೋನು ಹೊತ್ತಿಸಿ ಅದೇ ಹತ್ತರ ಎಣಿಕೆ ಮಾಡಿ, ಮೊದಲಿನ ರೆಕಾರ್ಡಿನ ಪಕ್ಕದಲ್ಲಿಟ್ಟು ಕೇಳಿ. ಮೊದಲಿನದನ್ನು ಅಳಿಸಬೇಡಿ ಎಂದು ಹೇಳುವುದು ಇದಕ್ಕೇ. ಕಿವಿಗೆ ನೆನಪಿರುವುದಿಲ್ಲ, ಎರಡೂ ಎದುರಿಗೆ ಇದ್ದರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಎರಡು ಸಲ ಮಾಡಿಯೂ ಫರಕು ಬೀಳದಿದ್ದರೆ ಮೂರನೆಯ ಸಲ ಮಾಡಬೇಡಿ. ಆಲ್ಕೊಹಾಲಿನ ಕೆಲಸ ಮನೆಯದಲ್ಲ, ಮೇಜಿನದು. ತೆಗೆದುಕೊಂಡು ಬನ್ನಿ.

ಕವರ್ ಕೊಳ್ಳುವಾಗ

ಫೋನಿನ ಪೆಟ್ಟಿಗೆ ಇಲ್ಲವೇ Settings ಒಳಗಿನ About phone ನೋಡಿ ಪೂರ್ತಿ ಹೆಸರು ಬರೆದುಕೊಂಡು ಹೋಗಿ. ಹೆಸರಿನ ತುದಿಯ ಒಂದು ಅಕ್ಷರ, ಒಂದು ಅಂಕಿ ಬೇರೆಯಾದರೂ ತೂತಿನ ಜಾಗ ಬೇರೆಯಾಗಬಹುದು. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ "ಎಲ್ಲಕ್ಕೂ ಕೂಡತಾದ" ಎಂದು ಕೊಡುವ ಕವರು ನಿಮ್ಮ ಫೋನಿಗೆ ಕೂರುತ್ತದೆ, ಆದರೆ ಮೈಕಿಗೆ ಕೂರದಿರಬಹುದು.

ಹಾಕಿಸಿಕೊಂಡ ಮೇಲೆ ಅಲ್ಲೇ ಬೆಳಕಿಗೆ ಹಿಡಿದು ಕೆಳಗಿನ ಅಂಚನ್ನು ನೇರವಾಗಿ ನೋಡಿ. ಮೈಕಿನ ತೂತು ಪೂರ್ತಿ ದುಂಡಗೆ ಕಾಣಬೇಕು. ಚಂದ್ರನ ಹೋಳಿನಂತೆ ಕಂಡರೆ ಆ ಕವರ್ ಬೇಡ. ಮೇಲಿನ ಅಂಚನ್ನೂ ಕ್ಯಾಮೆರಾದ ಪಕ್ಕವನ್ನೂ ಹೀಗೆಯೇ ನೋಡಿ. ತೂತು ಕಂಡರೂ ಕವರ್ ಬಹಳ ದಪ್ಪವಿದ್ದರೆ ಇನ್ನೊಂದು ತೊಂದರೆ ಇದೆ. ದಪ್ಪ ಅಂಚಿನ ನಡುವೆ ತೂತು ಕುಣಿಯ ತಳದಲ್ಲಿ ಕೂತಂತಾಗಿ, ಕುಣಿಯಲ್ಲಿ ಧೂಳು ನಿಲ್ಲುತ್ತದೆ. ಹೊಲದಲ್ಲಿ ಕೆಲಸ ಮಾಡುವವರು ಅಂಥ ಕವರ್ ಬೇಕೇ ಬೇಕು ಎನ್ನುವುದು ಸರಿಯೇ, ಆದರೆ ಎಂಟು ದಿನಕ್ಕೊಮ್ಮೆ ಕವರ್ ಬಿಚ್ಚಿ ಒಳಮೈ ಒರೆಸಲೇಬೇಕು.

ಆ ಕಡೆಯವರು "ನನ್ನ ಮಾತೇ ನನಗ ತಿರುಗಿ ಕೇಳಲಾಕತ್ಯಾದ" ಎಂದರೆ ಅದಕ್ಕೂ ಕವರ್ ಕಾರಣ ಇರಬಹುದು. ಬಿಗಿಯಾದ ಕವರಿನೊಳಗಿನ ಸಂದಿಯಲ್ಲಿ ಸ್ಪೀಕರಿನ ಸಪ್ಪಳ ಹರಿದು ಮೈಕಿಗೆ ಮುಟ್ಟುತ್ತದೆ. ಕವರ್ ತೆಗೆದ ಕೂಡಲೇ ನಿಂತರೆ ಕಾರಣ ಅದೇ. ಗಾಜಿನ ಗಾರ್ಡ್ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ಅದು ಕಿವಿಯ ಜಾಳಿಯ ವಿಷಯ.

ಕವರ್ ಇಲ್ಲದ ಫೋನಿಗೂ ಒಂದು ಕವರ್ ಉಂಟು, ಅದು ನಿಮ್ಮ ಕಿರುಬೆರಳು. ಫೋನು ಜಾರಬಾರದೆಂದು ಬಹಳ ಜನ ಕಿರುಬೆರಳನ್ನು ಕೆಳಗೆ ಊರುತ್ತಾರೆ. ಅದು ನೇರ ಮೈಕಿನ ಬಾಯಿಗೇ ಹೋಗಿ ಕೂರುತ್ತದೆ. ಹಿರಿಯರ ಫೋನು ಪರೀಕ್ಷೆಗೆ ಬಂದಾಗ ನಾನು ಮೊದಲು ನೋಡುವುದು ಫೋನನ್ನಲ್ಲ, ಅವರು ಅದನ್ನು ಹಿಡಿಯುವ ಕೈಯನ್ನು. ಬೆರಳುಗಳು ಎರಡು ಮಗ್ಗುಲಿಗೆ ಇರಲಿ.

ನಮ್ಮ ಕಡೆಯ ಧೂಳಿಗೆ ಮಾಡಬೇಕಾದ್ದು

ಉಮರಗಾ, ನಿಲಂಗಾ, ಉದಗೀರ ಈ ಮೂರೂ ಕಡೆಯ ಧೂಳು ಹಂಗಾಮಿಗೆ ತಕ್ಕಂತೆ ಬದಲಾಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ಸೋಯಾಬೀನು, ಜನವರಿಯ ಹೊತ್ತಿಗೆ ತೊಗರಿ, ಬೇಸಿಗೆಯಲ್ಲಿ ಬರಿ ಎರೆಮಣ್ಣು. ಬೇಳೆ ಮಿಲ್ಲಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ ದುಡಿಯುವವರಿಗೆ ಹನ್ನೆರಡು ತಿಂಗಳೂ ಹಂಗಾಮೇ. ರಾಶಿಯ ದಿನಗಳಲ್ಲಿ ಫೋನನ್ನು ಕಿಸೆಯಲ್ಲಿ ತಲೆಕೆಳಗು ಮಾಡಿ ಇಡಿ ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ ಕೆಳಗಿನ ತೂತು ಆಕಾಶಕ್ಕೆ ಬಾಯಿ ತೆರೆದು ಹೊಟ್ಟು ನೇರ ಒಳಗೇ ಬೀಳುತ್ತದೆ. ಅದರ ಬದಲು ಒಂದು ಒಣ ಕರವಸ್ತ್ರದಲ್ಲಿ ಸುತ್ತಿ, ಬುತ್ತಿಯ ಚೀಲದಲ್ಲಿ ಬೇರೆಯಾಗಿಡಿ. ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಒಣ ಬ್ರಶ್ಶು ನಾಲ್ಕು ಸಲ ಆಡಿಸಿ. ಆ ದಿನದ ಧೂಳು ಆ ದಿನವೇ ಸಡಿಲವಾಗಿರುತ್ತದೆ, ಬೆವರು ಕುಡಿದು ನಾಲ್ಕು ದಿನ ಆದರೆ ಕಲ್ಲಾಗುತ್ತದೆ.

ತಂಬಾಕು ಸುಣ್ಣದ ಕಿಸೆ ಬೇರೆ, ಫೋನಿನ ಕಿಸೆ ಬೇರೆ. ಇದನ್ನು ಒಂದೇ ಸಲ ಹೇಳುತ್ತೇನೆ, ಆದರೆ ಗಟ್ಟಿಯಾಗಿ.

ಅಣದೂರು, ನಳದುರ್ಗದ ಖಂಡೋಬನ ದರ್ಶನಕ್ಕೆ ಹೋಗುವವರು ಭಂಡಾರ ಹಾರಿಸುವ ಹೊತ್ತಿಗೆ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಗಣಪತಿ ಕಳಿಸುವ ದಿನ ಗುಲಾಲಿಗೂ ಇದೇ ಮಾತು. ಅರಿಸಿನ ಬಹಳ ನವಿರು, ಜಾಳಿಯ ಕಣ್ಣಿಗೇ ಸೇರುತ್ತದೆ. ಜಾತ್ರೆಯ ಮರುದಿನ ಬರುವ ಫೋನುಗಳ ತೂತು ಹಳದಿಯಾಗಿಯೇ ಇರುತ್ತದೆ. ಆ ಚೀಲವನ್ನು ಮನೆಗೆ ಬಂದ ಮೇಲೆ ಬಿಚ್ಚಬೇಕು, ಚೀಲದಲ್ಲಿಟ್ಟೇ ಮಾತಾಡಿದರೆ ಆಗಲೂ ಆ ಕಡೆ ಕೇಳುವುದಿಲ್ಲ.

ಅಂಗಡಿಗೆ ತಂದಾಗ

ನಮ್ಮ ಅಂಗಡಿಯಾಗಲಿ, ಉಮರಗಾದ್ದಾಗಲಿ, ಯಾವುದೇ ಆಗಲಿ, ಕೊಡುವ ಮೊದಲು ನಿಮ್ಮ ಎದುರಿಗೇ ಹತ್ತರ ಎಣಿಕೆ ರೆಕಾರ್ಡ್ ಮಾಡಿಸಿ. ಕೆಲಸ ಮುಗಿದ ಮೇಲೆ ಮತ್ತೆ ಮಾಡಿಸಿ, ಎರಡನ್ನೂ ಕೇಳಿ, ಆಮೇಲೆ ಹಣ ಕೊಡಿ. "ಬೋರ್ಡ್ ಹೋಗಿದೆ" ಎಂಬ ಮಾತು ಬಂದರೆ ಯಾವ ಬೋರ್ಡ್ ಎಂದು ಕೇಳಿ. ಬಹಳ ಫೋನುಗಳಲ್ಲಿ ಕೆಳಗಿನ ಮೈಕು ಚಾರ್ಜರಿನ ಬಾಯಿ ಇರುವ ಚಿಕ್ಕ ಬೋರ್ಡಿನ ಮೇಲೇ ಇರುತ್ತದೆ. ನಾವು ಅದನ್ನು ಚಾರ್ಜಿಂಗ್ ಬೋರ್ಡ್ ಎನ್ನುತ್ತೇವೆ. ಅದು ದೊಡ್ಡ ಬೋರ್ಡ್ ಅಲ್ಲ, ಬೆಲೆಯೂ ದೊಡ್ಡದರಷ್ಟಲ್ಲ. ಚಾರ್ಜಿಂಗ್ ಬಾಯಿ ಬದಲಿಸಿದ ಮರುದಿನದಿಂದ ಆವಾಜು ಮಂದವಾಗಿದ್ದರೆ ಅದನ್ನು ಮರೆಯದೆ ಹೇಳಿ. ಹೊಸ ಬೋರ್ಡಿನ ಮೈಕು ಕಳಪೆ ಇರಬಹುದು, ಇಲ್ಲವೇ ರಬ್ಬರಿನ ಕೊಳವೆ ಮರಳಿ ಕೂರಿಸದೆ ಬಿಟ್ಟಿರಬಹುದು. ಸೂಜಿ ಹಾಕಿದ್ದರೆ ಅದನ್ನೂ ಹೇಳಿ. ಯಾರೂ ಬೈಯುವುದಿಲ್ಲ. ಗೊತ್ತಿದ್ದರೆ ಅರ್ಧ ಗಂಟೆ ಬ್ರಶ್ಶು ಆಡಿಸುವ ಬದಲು ನೇರ ಬಿಚ್ಚುತ್ತೇವೆ.

ನೀರು ತಡೆಯುವ ಫೋನು ಎಂದು ಹೇಳಿ ಕೊಂಡದ್ದಾದರೆ ಬಿಚ್ಚುವ ಮೊದಲು ನಾವು ಕೇಳುತ್ತೇವೆ, ಯಾಕೆಂದರೆ ಒಮ್ಮೆ ಬಿಚ್ಚಿದ ಮೇಲೆ ಅದರ ಅಂಟು ಮೊದಲಿನಂತೆ ಕೂರುವ ಭರವಸೆ ಇಲ್ಲ. ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿರಿ.

ಮೈಕು ಕೆಟ್ಟ ರಾತ್ರಿಯೇ ತುರ್ತು ಬಂದರೆ, ಹಾವು ಕಚ್ಚಿದ್ದೋ ಹೆರಿಗೆ ನೋವೋ, ಅಂಗಡಿ ತೆರೆಯುವವರೆಗೆ ಕಾಯಬೇಡಿ. ಕವರ್ ಕಿತ್ತೊಗೆದು, 112 ಒತ್ತಿ, ಸ್ಪೀಕರ್ ಹಚ್ಚಿ, ಫೋನಿನ ಮೇಲಿನ ತುದಿಯನ್ನು ಬಾಯಿಯ ಹತ್ತಿರ ತಂದು ಊರಿನ ಹೆಸರು ಮೊದಲು ಹೇಳಿ. ಆಗಲೂ ಕೇಳದಿದ್ದರೆ ಇಯರ್‌ಫೋನ್, ಅದೂ ಇಲ್ಲದಿದ್ದರೆ ಪಕ್ಕದ ಮನೆಯ ಬಾಗಿಲು ಬಡಿಯಿರಿ.